ಕರೆಯುವವರ ಪಟ್ಟಿ, ನೋಡುವವರ ಪಟ್ಟಿ: ಮಕ್ಕಳ ಸ್ಮಾರ್ಟ್‌ವಾಚಿನ ಎರಡು ಬಾಗಿಲುಗಳು

ಮಗುವಿಗೆ ಸಿಮ್ ಹಾಕುವ ವಾಚು ಕೊಳ್ಳಲು ಹೋದ ತಂದೆತಾಯಿ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಗೊತ್ತಿಲ್ಲದವರು ಯಾರೂ ಇದಕ್ಕೆ ಕಾಲ್ ಮಾಡೋಕೆ ಆಗಲ್ಲ ಅಲ್ವಾ?’ ಅಂಗಡಿಯವನ ಉತ್ತರವೂ ಒಂದೇ: ‘ಇಲ್ಲ, ನೀವು ಹಾಕಿದ ನಂಬರ್ ಮಾತ್ರ.’ ಈ ಉತ್ತರ ಬಹುಮಟ್ಟಿಗೆ ನಿಜ. ಆದರೆ ವಾಚಿಗೆ ಬಾಗಿಲು ಒಂದಲ್ಲ, ಎರಡು. ಮಗುವಿನೊಡನೆ ಯಾರು ಮಾತಾಡಬಹುದು ಎಂಬುದನ್ನು ತೀರ್ಮಾನಿಸುವುದು ವಾಚಿನೊಳಗಿನ ಅನುಮತಿ ಪಟ್ಟಿ. ಮಗು ಎಲ್ಲಿದೆ ಎಂಬುದನ್ನು ಯಾರು ನೋಡಬಹುದು ಎಂಬುದನ್ನು ತೀರ್ಮಾನಿಸುವುದು ಎಲ್ಲೋ ದೂರದ ಸರ್ವರಿನಲ್ಲಿರುವ ಖಾತೆ. ಪಾಲಕರು ಮೊದಲನೆಯದಕ್ಕೆ ಬೀಗ ಹಾಕಿ, ಎರಡನೆಯದಕ್ಕೂ ಅದೇ ಬೀಗ ಬಿದ್ದಿದೆ ಎಂದು ನಂಬುತ್ತಾರೆ. ಈ ಲೇಖನದ ಚರ್ಚೆ ಆ ನಂಬಿಕೆಯ ಬಗ್ಗೆ. ಅಗ್ಗದ ಸಿಮ್ ವಾಚುಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಿದ್ದೇನೆ, ಏಕೆಂದರೆ ನಮ್ಮ ಮಧ್ಯಮವರ್ಗದ ಮನೆಗಳಿಗೆ ಹೆಚ್ಚಾಗಿ ಬರುವುದು ಅವೇ.

ಉದಾಹರಣೆಗೆ ತೆಗೆದುಕೊಂಡಿರುವುದು ನನ್ನ ಅಕ್ಕನ ಮಗಳ ವಾಚು. ಹುಡುಗಿ ಮೈಸೂರಿನಲ್ಲಿ ಆರನೇ ತರಗತಿ. ವ್ಯಾನಿನಲ್ಲಿ ಶಾಲೆಗೆ, ಸಂಜೆ ಅಲ್ಲಿಂದಲೇ ಸಂಗೀತದ ಪಾಠಕ್ಕೆ ಹೋಗುತ್ತಾಳೆ. ಹೊಂದಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ತೊಡಕು ಸಿಮ್ಮಿನದೇ. ಭಾರತದಲ್ಲಿ 18 ತುಂಬದವರ ಹೆಸರಿಗೆ ಸಿಮ್ ಕೊಡುವಂತಿಲ್ಲ. ಹಾಗಾಗಿ ವಾಚಿನ ಸಂಖ್ಯೆ ಭಾವನ ಹೆಸರಿನಲ್ಲಿದೆ. ವಾಚು 2ಜಿ ಮಾತ್ರ ಬಲ್ಲದ್ದಾಗಿದ್ದರೆ ಜಿಯೋ ಸಿಮ್ ಅದರಲ್ಲಿ ಜೀವ ಹಿಡಿಯುವುದಿಲ್ಲ, ಆ ಜಾಲದಲ್ಲಿ 2ಜಿ ಇಲ್ಲವೇ ಇಲ್ಲ. ಡಬ್ಬಿಯ ಮೇಲೆ ‘4ಜಿ’ ಎಂದು ಕಂಡರೂ ಸಾಲದು, ವೋಲ್ಟೆ ಕರೆ ನಡೆಯುತ್ತದೆಯೇ ಎಂದು ವಿಚಾರಿಸಬೇಕು. ಇಷ್ಟಾದ ಮೇಲೆ ಫೋನಿನಲ್ಲಿ ಆ್ಯಪ್ ಹಾಕಿ, ವಾಚಿನ ಬೆನ್ನಿಗೋ ಡಬ್ಬಿಗೋ ಅಂಟಿಸಿದ ಕ್ಯೂಆರ್ ಚೀಟಿಯನ್ನು ಸ್ಕ್ಯಾನ್ ಮಾಡಬೇಕು. ಈ ಬಗೆಯ ಬಹುಪಾಲು ಆ್ಯಪ್‌ಗಳಲ್ಲಿ ಮೊದಲು ಸ್ಕ್ಯಾನ್ ಮಾಡಿದ ಖಾತೆಯೇ ಯಜಮಾನ. ಆಮೇಲೆ ಸ್ಕ್ಯಾನ್ ಮಾಡಿದವರೆಲ್ಲ ಅದರ ಒಪ್ಪಿಗೆಗೆ ಕಾಯಬೇಕು. ಚೀಟಿಯನ್ನು ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ‘ಎಲ್ಲರೂ ಸೇರಿಕೊಳ್ಳಿ’ ಎನ್ನುವ ರೂಢಿ ಇದೆ. ಅದನ್ನು ಬಿಡುವುದು ಒಳಿತು. ಆ ಚೀಟಿಯೇ ಎರಡನೆಯ ಬಾಗಿಲಿನ ಕೀಲಿಕೈ.

ಮೊದಲ ಬಾಗಿಲು

ಅನುಮತಿ ಪಟ್ಟಿ ಕೆಲಸ ಮಾಡುವ ರೀತಿ ಸರಳ. ಬರುವ ಕರೆಯ ಜೊತೆ ಜಾಲ ಕಳಿಸುವ ಸಂಖ್ಯೆಯನ್ನು ವಾಚು ತನ್ನ ಪಟ್ಟಿಯೊಂದಿಗೆ ಹೋಲಿಸುತ್ತದೆ. ಸರಿಹೊಂದಿದರೆ ರಿಂಗಾಗುತ್ತದೆ, ಇಲ್ಲದಿದ್ದರೆ ಕರೆ ಕತ್ತರಿಸಿಹೋಗುತ್ತದೆ. ಕೈಕೊಡುವುದು ಈ ಹೋಲಿಕೆಯಲ್ಲೇ. ಅಕ್ಕ, ಭಾವ, ಅಜ್ಜಿ, ವ್ಯಾನಿನ ಡ್ರೈವರ್, ಸಂಗೀತದ ಮೇಷ್ಟ್ರು, ಶಾಲೆಯ ಕಚೇರಿ ಎಂದು ಆರು ಸಂಖ್ಯೆ ಹಾಕಿದೆವು. ಮೊದಲ ವಾರದಲ್ಲೇ ಎರಡು ಸುಳ್ಳಾದವು. ಅಜ್ಜಿಯ ಫೋನಿನಲ್ಲಿ ಎರಡು ಸಿಮ್. ಅವರು ಒತ್ತಿದಾಗ ಕರೆ ಹೋದದ್ದು ಪಟ್ಟಿಯಲ್ಲಿಲ್ಲದ ಸಿಮ್ಮಿನಿಂದ. ‘ಮಗು ಎತ್ತುವುದೇ ಇಲ್ಲ’ ಎಂದು ಎರಡು ದಿನ ಮುನಿಸಿಕೊಂಡರು. ಇನ್ನು ಶಾಲೆಯ ಕಚೇರಿಯಲ್ಲಿ ಹಲವು ಲೈನುಗಳಿವೆ. ನಾವು ಹಾಕಿದ್ದು ಡೈರಿಯಲ್ಲಿ ಅಚ್ಚಾಗಿದ್ದ 0821ರಿಂದ ಆರಂಭವಾಗುವ ಸಂಖ್ಯೆ, ಹೊರಕರೆ ಹೋಗುತ್ತಿದ್ದದ್ದು ಇನ್ನೊಂದರಿಂದ. ಕೆಲವು ವಾಚುಗಳಿಗೆ +91 ಇರುವ ಸಂಖ್ಯೆಯೂ ಇಲ್ಲದ ಸಂಖ್ಯೆಯೂ ಒಂದೇ ಎಂಬ ತಿಳಿವಳಿಕೆಯೂ ಇರುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಅವರವರ ಜಾಗದಿಂದಲೇ ಒಮ್ಮೆ ಕರೆಮಾಡಿ ನೋಡಬೇಕು. ಬಳಿಕ ಪಟ್ಟಿಯಲ್ಲಿಲ್ಲದ ಒಂದು ಫೋನಿನಿಂದ ಕರೆಮಾಡಿ, ರಿಂಗಾಗದು ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಈ ಎರಡನೆಯ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ.

ಪಟ್ಟಿ ತಡೆಯುವುದು ಧ್ವನಿಕರೆಯನ್ನು. ಎಸ್‌ಎಂಎಸ್ ಬೇರೆ ದಾರಿ. ಈ ವರ್ಗದ ಹಲವು ವಾಚುಗಳು ಎಸ್‌ಎಂಎಸ್ ಮೂಲಕವೇ ಆಜ್ಞೆ ಸ್ವೀಕರಿಸುತ್ತವೆ, ಮಾರಾಟಗಾರರು ಸರ್ವರ್ ವಿಳಾಸ ಬದಲಿಸಲು ಇಟ್ಟುಕೊಂಡ ಅನುಕೂಲ ಅದು. ಪಟ್ಟಿಯಲ್ಲಿಲ್ಲದ ಫೋನಿನಿಂದ ನಾನು ವಾಚಿನ ಸಂಖ್ಯೆಗೆ ಇದನ್ನು ಕಳಿಸಿದೆ:

```
pw,123456,ts#
```

ಅರ್ಧ ನಿಮಿಷದೊಳಗೆ ಉತ್ತರ ಬಂತು: ವಾಚಿನ ಗುರುತು ಸಂಖ್ಯೆ, ಐಎಂಇಐ, ಸರ್ವರ್ ವಿಳಾಸ, ಬ್ಯಾಟರಿಯ ಮಟ್ಟ. ಅಂದರೆ ಕಾರ್ಖಾನೆಯಲ್ಲಿ ಕೊಟ್ಟ ಗುಪ್ತಪದ 123456 ಹಾಗೆಯೇ ಉಳಿದಿತ್ತು, ಅಪರಿಚಿತ ಫೋನಿಗೂ ವಾಚು ಓಗೊಡುತ್ತಿತ್ತು. ಆ ಗುಪ್ತಪದ ಬದಲಿಸಿದ ಮೇಲೆ ಅದೇ ಸಂದೇಶಕ್ಕೆ ಉತ್ತರ ಬರಲಿಲ್ಲ. ಬದಲಿಸುವ ಆಜ್ಞೆ ಮಾದರಿಯಿಂದ ಮಾದರಿಗೆ ಬೇರೆಯಾಗಿರಬಹುದು, ಕೈಪಿಡಿ ನೋಡಿಕೊಳ್ಳಬೇಕು. ಗುಪ್ತಪದ ಬದಲಿಸಲು ದಾರಿಯೇ ಇಲ್ಲದ ವಾಚನ್ನು ಅಂಗಡಿಗೆ ಹಿಂದಿರುಗಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಇದು ದುಬಾರಿ ವಾಚುಗಳಿಗೆ ಹೊರತಾದ ಪಿಡುಗು ಎನ್ನುವಂತೆಯೂ ಇಲ್ಲ. 2020ರಲ್ಲಿ ನಾರ್ವೆಯ ಭದ್ರತಾ ಸಂಸ್ಥೆ ಮ್ನೆಮೋನಿಕ್, ಎಕ್ಸ್‌ಪ್ಲೋರಾ 4 ಎಂಬ ಮಕ್ಕಳ ವಾಚಿನಲ್ಲಿ ಅಡಗಿದ್ದ ಸೌಲಭ್ಯವೊಂದನ್ನು ಪತ್ತೆಮಾಡಿತು. ಗೂಢಲಿಪಿಯ ಎಸ್‌ಎಂಎಸ್ ಒಂದು ಬಂದರೆ ವಾಚು ಸದ್ದಿಲ್ಲದೆ ಫೋಟೊ ತೆಗೆಯುತ್ತಿತ್ತು, ತಾನಿರುವ ಜಾಗ ತಿಳಿಸುತ್ತಿತ್ತು. ಅದನ್ನು ಬಳಸಲು ಆಯಾ ವಾಚಿನ ಗುಪ್ತಕೀಲಿ ಬೇಕಿತ್ತು, ತಯಾರಕರು ತಂತ್ರಾಂಶವನ್ನು ತಿದ್ದಿದರು ಕೂಡ. ಆದರೆ ಎಸ್‌ಎಂಎಸ್ ಎಂಬ ಓಣಿ ಪಾಲಕರ ಕಣ್ಣಿಗೆ ಬೀಳುವುದೇ ಇಲ್ಲ ಎಂಬುದಕ್ಕೆ ಅದು ಸಾಕ್ಷಿ.

ಎರಡನೆಯ ಬಾಗಿಲು

ಸ್ಥಳದ ಮಾಹಿತಿ ವಾಚಿನಿಂದ ನೇರವಾಗಿ ಅಮ್ಮನ ಫೋನಿಗೆ ಬರುವುದಿಲ್ಲ. ವಾಚು ಅದನ್ನು ಸರ್ವರಿಗೆ ಕಳಿಸುತ್ತದೆ, ಅಮ್ಮನ ಆ್ಯಪ್ ಸರ್ವರನ್ನು ಕೇಳುತ್ತದೆ. ಕೇಳಿದವರು ಅಮ್ಮನೇ ಎಂದು ಸರ್ವರ್ ಹೇಗೆ ತಿಳಿಯುತ್ತದೆ? ಎಲ್ಲವೂ ನಿಂತಿರುವುದು ಈ ಪ್ರಶ್ನೆಯ ಮೇಲೆ.

2017ರ ಅಕ್ಟೋಬರಿನಲ್ಲಿ ನಾರ್ವೆಯ ಗ್ರಾಹಕ ಮಂಡಳಿ ನಾಲ್ಕು ಮಕ್ಕಳ ವಾಚುಗಳನ್ನು ಪರಿಶೀಲಿಸಿದ ವರದಿ ಪ್ರಕಟಿಸಿತು. ಅವುಗಳಲ್ಲಿ ಕೆಲವನ್ನು ಅಪರಿಚಿತರು ತಮ್ಮ ಹಿಡಿತಕ್ಕೆ ತೆಗೆದುಕೊಂಡು ಮಗುವನ್ನು ಹಿಂಬಾಲಿಸಬಹುದಿತ್ತು, ಸುತ್ತಲಿನ ಮಾತು ಕದ್ದು ಕೇಳಬಹುದಿತ್ತು. ಮಗು ಇಲ್ಲದ ಕಡೆ ಇದೆಯೆಂದು ಪಾಲಕರ ನಕ್ಷೆಯಲ್ಲಿ ತೋರಿಸಲೂ ಸಾಧ್ಯವಿತ್ತು. ಮರುತಿಂಗಳೇ ಜರ್ಮನಿಯ ಜಾಲ ನಿಯಂತ್ರಣ ಸಂಸ್ಥೆ, ಕದ್ದು ಕೇಳುವ ಸೌಲಭ್ಯವುಳ್ಳ ಮಕ್ಕಳ ವಾಚುಗಳ ಮಾರಾಟ ನಿಷೇಧಿಸಿತು. ಅಲ್ಲಿ ಆ ಸೌಲಭ್ಯ ಬಳಸುತ್ತಿದ್ದವರು ಕಳ್ಳರಲ್ಲ, ತಂದೆತಾಯಿಯರೇ. ತರಗತಿಯಲ್ಲಿ ಟೀಚರ್ ಏನು ಹೇಳುತ್ತಾರೆಂದು ಕೇಳಿಸಿಕೊಳ್ಳಲು ವಾಚಿನ ಮೈಕು ತೆರೆಯುತ್ತಿದ್ದರು.

2019ರಲ್ಲಿ ಅವಾಸ್ಟ್ ಸಂಸ್ಥೆ ಶೆನ್‌ಜೆನ್‌ನ ಒಬ್ಬ ತಯಾರಕರ ಜಿಪಿಎಸ್ ಸಾಧನಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಕಾರಣ ಸ್ಪಷ್ಟವಾಗಿದೆ. ಖಾತೆಯ ಹೆಸರು ಸಾಧನದ ಐಎಂಇಐಯ ಒಂದು ಭಾಗ, ಗುಪ್ತಪದ 123456. ಐಎಂಇಐಯ 15 ಅಂಕಿಗಳಲ್ಲಿ ಮೊದಲ 8 ಮಾದರಿಯನ್ನು ಸೂಚಿಸುತ್ತವೆ. ಕೊನೆಯದು ಉಳಿದವುಗಳಿಂದ ಲೆಕ್ಕಹಾಕಿದ ತಾಳೆಯ ಅಂಕಿ. ಒಂದು ವಾಚನ್ನು ಇನ್ನೊಂದರಿಂದ ಬೇರ್ಪಡಿಸುವುದು ನಡುವಿನ 6 ಅಂಕಿ ಮಾತ್ರ, ಅಂದರೆ ಹತ್ತು ಲಕ್ಷ ಸಾಧ್ಯತೆ. ಕಂಪ್ಯೂಟರಿಗೆ ಇದು ಬಾಯಲ್ಲಿ ಮಗ್ಗಿ ಹೇಳಿದಷ್ಟೇ ಕೆಲಸ. ಒಂದೇ ತಂಡದಲ್ಲಿ ತಯಾರಾದ ವಾಚುಗಳ ಸಂಖ್ಯೆಗಳು ಒಂದರ ಪಕ್ಕ ಒಂದು ಇರುತ್ತವೆ, ಆದ್ದರಿಂದ ಒಂದು ವಾಚು ಕೊಂಡವನಿಗೆ ಪಕ್ಕದ ವಾಚಿನ ಹೆಸರು ತಾನಾಗಿ ಗೊತ್ತು. ಕಾರ್ಖಾನೆಯ ಗುಪ್ತಪದದಲ್ಲೇ ಉಳಿದ ಸಾಧನಗಳು ಅಂದಾಜು 6 ಲಕ್ಷ ಎಂದಿತು ಆ ಅಧ್ಯಯನ. ಇಂಥ ಕಡೆ ಅನುಮತಿ ಪಟ್ಟಿ ಎಷ್ಟೇ ಬಿಗಿಯಾಗಿದ್ದರೂ ಉಪಯೋಗವಿಲ್ಲ, ಒಳಬರುವವನು ಕರೆ ಮಾಡುವುದೇ ಇಲ್ಲವಲ್ಲ.

ನಕ್ಷೆಯಲ್ಲಿ ಕಾಣುವ ಚುಕ್ಕಿಯನ್ನು ಓದಲೂ ಕಲಿಯಬೇಕು. ಬಯಲಿನಲ್ಲಿದ್ದಾಗ ವಾಚು ಉಪಗ್ರಹಗಳಿಂದ ಜಾಗ ತಿಳಿಯುತ್ತದೆ. ಕಾಂಕ್ರೀಟ್ ಚಾವಣಿಯ ಕೆಳಗೆ ಸುತ್ತಲಿನ ವೈ-ಫೈ ಹೆಸರುಗಳನ್ನು ನೆಚ್ಚುತ್ತದೆ, ಅದೂ ಇಲ್ಲವಾದರೆ ಮೊಬೈಲ್ ಟವರನ್ನು. ಟವರಿನ ಲೆಕ್ಕ ನೂರಾರು ಮೀಟರ್, ಕೆಲವೊಮ್ಮೆ ಕಿಲೋಮೀಟರಿನಷ್ಟು ತಪ್ಪಬಹುದು. ಒಂದು ಸಂಜೆ ಸಂಗೀತದ ಮನೆಯೊಳಗಿದ್ದ ಹುಡುಗಿ ನಕ್ಷೆಯಲ್ಲಿ ರಿಂಗ್ ರೋಡಿನಾಚೆ ಹಾರಿದಳು. ಅಕ್ಕ ಗಾಬರಿಯಾಗಿ ಸ್ಕೂಟರ್ ಹತ್ತಿದಳು. ಚುಕ್ಕಿಯ ಪಕ್ಕದಲ್ಲಿ LBS ಎಂದಿತ್ತು, ಅಂದರೆ ಟವರಿನ ಲೆಕ್ಕ. ಅದರ ಸಮಯ ಇಪ್ಪತ್ತು ನಿಮಿಷ ಹಳೆಯದು. GPS, WIFI, LBS ಎಂಬ ಗುರುತನ್ನೂ ಸಮಯವನ್ನೂ ನೋಡದೆ ಚುಕ್ಕಿಯನ್ನು ನಂಬಬಾರದು. ನಿಮಿಷಕ್ಕೊಮ್ಮೆ ಸ್ಥಳ ಕಳಿಸುವ ಹಾಗೆ ಇಟ್ಟರೆ ಬ್ಯಾಟರಿ ಮಧ್ಯಾಹ್ನಕ್ಕೇ ಸೋಲುತ್ತದೆ, ವಾಚು ಬೇಕಾಗುವುದು ಸಂಜೆ. ನಾವು ಹತ್ತು ನಿಮಿಷಕ್ಕೆ ಇಳಿಸಿದೆವು.

ಕಾನೂನು ಹೇಳುವುದು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ. ಅದರ 9ನೇ ಕಲಮಿನಂತೆ ಅವರ ದತ್ತಾಂಶ ಬಳಸಲು ಪಾಲಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ಜಾಡು ಹಿಡಿಯುವುದೂ ನಿಷಿದ್ಧ. ಅಕ್ಷರಶಃ ಓದಿದರೆ ಈ ವಾಚೇ ನಿಷಿದ್ಧವಾಗಬೇಕು. 2025ರ ನವೆಂಬರಿನಲ್ಲಿ ಹೊರಬಿದ್ದ ನಿಯಮಗಳ ನಾಲ್ಕನೆಯ ಅನುಸೂಚಿ ಅದಕ್ಕೆ ವಿನಾಯಿತಿ ಕೊಟ್ಟಿದೆ. ಆದರೆ ಆ ವಿನಾಯಿತಿ ಮಗುವಿನ ಸುರಕ್ಷತೆಯ ಸಲುವಾಗಿ, ಆ ಕ್ಷಣದ ಸ್ಥಳ ತಿಳಿಯುವುದಕ್ಕೆ ಸೀಮಿತ. ನನ್ನ ಓದಿನಲ್ಲಿ ಮುಖ್ಯವಾದದ್ದು ಈ ‘ಆ ಕ್ಷಣದ’ ಎಂಬ ಮಿತಿ. ಹುಡುಗಿ ಈಗ ಎಲ್ಲಿದ್ದಾಳೆ ಎಂಬುದು ಒಂದು ಮಾಹಿತಿ. ಕಳೆದ ತಿಂಗಳು ಪ್ರತಿ ಮಂಗಳವಾರ ಐದೂವರೆಗೆ ಎಲ್ಲಿರುತ್ತಿದ್ದಳು ಎಂಬುದು ಇನ್ನೊಂದು. ಕೆಡುಕು ಬಗೆಯುವವನಿಗೆ ಬೇಕಾಗುವುದು ಎರಡನೆಯದು. ಆ್ಯಪ್‌ನಲ್ಲಿ ‘ಹೆಜ್ಜೆ ಜಾಡು’ ಎಂಬ ಮುದ್ದಾದ ಹೆಸರಿನಡಿ ಕೂಡುತ್ತ ಹೋಗುವ ಚರಿತ್ರೆ ವಿನಾಯಿತಿಯೊಳಗೆ ಬರುವುದಿಲ್ಲ ಎಂದೇ ನನ್ನ ವಾದ. ಮುಖ್ಯ ಕರ್ತವ್ಯಗಳ ಜಾರಿಗೆ ನಿಯಮಗಳು 18 ತಿಂಗಳ ಗಡುವು ಕೊಟ್ಟಿವೆ. ಅಲ್ಲಿಯವರೆಗೆ ಆ ಚರಿತ್ರೆಯನ್ನು ಅಳಿಸುವ ಕೆಲಸ ಪಾಲಕರದೇ. ವಾಚನ್ನು ಬೇರೆ ಮಗುವಿಗೆ ದಾಟಿಸುವ ಮುನ್ನ ಖಾತೆಯಿಂದ ಬಿಡಿಸುವುದೂ ಅವರದೇ.

ಕಾಯ್ದೆ ಮಾತಾಡುವುದು ಕಂಪನಿ ಮತ್ತು ಮಗುವಿನ ನಡುವಿನ ವಿಚಾರ. ಮನೆಯೊಳಗಿನದನ್ನು ನಾವೇ ಗೊತ್ತುಮಾಡಬೇಕಾಯಿತು. ಕೊನೆಗೆ ಎರಡು ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆವು. ಕರೆಯುವವರ ಪಟ್ಟಿಯಲ್ಲಿ ಆರು ಜನ, ನೋಡುವವರ ಪಟ್ಟಿಯಲ್ಲಿ ಅಕ್ಕ ಮತ್ತು ಭಾವ ಇಬ್ಬರೇ. ವ್ಯಾನಿನ ಡ್ರೈವರಿಗೆ ‘ಹೊರಟೆಯಾ ಪುಟ್ಟಾ’ ಎಂದು ಕೇಳಬೇಕು, ಭಾನುವಾರ ಅವಳು ಎಲ್ಲಿದ್ದಾಳೆಂದು ತಿಳಿಯಬೇಕಿಲ್ಲ. ಅಜ್ಜಿಗೆ ಇದರಿಂದ ಬೇಸರವಾಯಿತು, ನನಗೂ ಪ್ರವೇಶ ಸಿಗಲಿಲ್ಲ. ಪಟ್ಟಿ ಓದಿದ ಹುಡುಗಿ, ‘ಅಮ್ಮ ಇವತ್ತು ಎಷ್ಟು ಸಲ ನೋಡಿದ್ಲು ಅಂತ ನನಗೆ ಕಾಣುತ್ತಾ, ಮಾಮಾ?’ ಎಂದಳು. ಆ್ಯಪ್‌ನ ಎಲ್ಲ ಪುಟ ಹುಡುಕಿದೆ. ಅವಳ ಹೆಜ್ಜೆಗಳ ದಾಖಲೆ ಇತ್ತು, ಅವನ್ನು ನೋಡಿದವರ ದಾಖಲೆ ಇರಲಿಲ್ಲ.