ಒಂದು ಸೈಟ್ ಬ್ಲಾಕ್ ಮಾಡಿದರೆ ಸಂಬಂಧವೇ ಇಲ್ಲದ ನೂರಾರು ಸೈಟ್‌ಗಳು ಯಾಕೆ ಬಂದ್ ಆಗುತ್ತವೆ?

ನಾಲ್ಕೈದು ವೆಬ್‌ಸೈಟ್‌ಗಳು ಒಂದೇ ದಿನ ತೆರೆಯದೆ ಹೋದರೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಫಾರ್ವರ್ಡ್ ಓಡಾಡುತ್ತವೆ. ಒಂದು, ‘ಎಲ್ಲಾ ಹ್ಯಾಕ್ ಆಗಿವೆ’. ಇನ್ನೊಂದು, ‘ಸರ್ಕಾರ ಇವನ್ನೆಲ್ಲ ನಿಷೇಧಿಸಿದೆ, ಅಂದರೆ ಇವೆಲ್ಲ ಒಂದೇ ಗ್ಯಾಂಗ್’. ಎರಡೂ ಸುಳ್ಳಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಒಂದು ಕಲ್ಪಿತ ಉದಾಹರಣೆ ನೋಡೋಣ. ರೋಣದ ಬೀಜ-ಗೊಬ್ಬರದ ಅಂಗಡಿ, ನರಗುಂದದ ಕಲ್ಯಾಣ ಮಂಟಪ, ಗಜೇಂದ್ರಗಡದ ನೇಕಾರರ ಸೀರೆ ಅಂಗಡಿ, ಈ ಮೂರಕ್ಕೂ ಒಂದೊಂದು ಸೈಟ್ ಇದೆ. ಮೂವರೂ ಕಡಿಮೆ ಬಾಡಿಗೆಯ ‘ಶೇರ್ಡ್ ಹೋಸ್ಟಿಂಗ್’ ತೆಗೆದುಕೊಂಡಿದ್ದಾರೆ. ಒಬ್ಬರಿಗೊಬ್ಬರು ಪರಿಚಯವಿಲ್ಲ. ಆದರೂ ಮೂರು ಸೈಟ್‌ಗಳು ಎಲ್ಲೋ ದೂರದ ಒಂದೇ ಕಂಪ್ಯೂಟರಿನಲ್ಲಿವೆ, ಅವುಗಳ ಐಪಿ ವಿಳಾಸವೂ ಒಂದೇ: 203.0.113.25 ಎಂದಿಟ್ಟುಕೊಳ್ಳಿ. ಹಳೆಯ ಮಾದರಿಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಸುಮಾರು 430 ಕೋಟಿ ಮಾತ್ರ. ಅದಕ್ಕೇ ಹೋಸ್ಟಿಂಗ್ ಕಂಪನಿಗಳು ಒಂದೇ ವಿಳಾಸದಲ್ಲಿ ನೂರಾರು ಸೈಟ್‌ಗಳನ್ನು ಇಡುತ್ತವೆ.

ನೀವು ಸೀರೆ ಅಂಗಡಿಯ ಹೆಸರು ಟೈಪ್ ಮಾಡಿದಾಗ ಮೊಬೈಲ್ ಮೊದಲು ಆ ಹೆಸರಿನ ಐಪಿ ವಿಳಾಸ ಕೇಳಿ ತಿಳಿದುಕೊಳ್ಳುತ್ತದೆ. ಆಮೇಲೆ ಆ ವಿಳಾಸಕ್ಕೆ ಸಂಪರ್ಕ ಬೆಳೆಸಿ, ‘ನನಗೆ ಸೀರೆ ಅಂಗಡಿಯ ಪುಟ ಬೇಕು’ ಎಂದು ಹೆಸರು ಹೇಳುತ್ತದೆ. ಆ ಹೆಸರು ನೋಡಿಯೇ ಕಂಪ್ಯೂಟರ್ ಸರಿಯಾದ ಪುಟ ಕೊಡುವುದು. ಅಂದರೆ ವಿಳಾಸ ಎಂಬುದು ಕಾಂಪ್ಲೆಕ್ಸಿನ ದೊಡ್ಡ ಗೇಟು. ಯಾವ ಅಂಗಡಿ ಎಂದು ಹೇಳುವುದು ಗೇಟಿನ ಒಳಗೆ ಹೋದ ಮೇಲೆ.

ಈಗ ಅದೇ ಕಂಪ್ಯೂಟರಿನಲ್ಲಿ ಪೈರಸಿ ಸಿನಿಮಾದ ಸೈಟೂ ಒಂದಿದೆ, ಅದನ್ನು ತಡೆಯಬೇಕೆಂಬ ಆದೇಶ ಇಂಟರ್ನೆಟ್ ಕಂಪನಿಗೆ ಬಂತು ಎನ್ನಿ. ಹೆಸರು ನೋಡಿ ತಡೆದರೆ ಅದೊಂದೇ ನಿಲ್ಲುತ್ತದೆ. ವಿಳಾಸವನ್ನೇ ತಡೆದರೆ ಗೇಟಿಗೇ ಬೀಗ. ಮೊಬೈಲ್ ಹೆಸರು ಹೇಳುವ ಮೊದಲೇ ಸಂಪರ್ಕ ಕಡಿದಿರುತ್ತದೆ, ಹಾಗಾಗಿ ಯಾರು ಯಾವ ಅಂಗಡಿಗೆ ಬಂದರೆಂಬ ಪ್ರಶ್ನೆಯೇ ಏಳುವುದಿಲ್ಲ. ಸೀರೆ, ಬೀಜ, ಮಂಟಪ ಎಲ್ಲವೂ ಬಂದ್. ತಮಾಷೆಯೆಂದರೆ ಪೈರಸಿ ಸೈಟಿನವನು ಬೇರೆ ಹೋಸ್ಟಿಂಗ್‌ಗೆ ಹೋಗಿ ಬೇಗನೆ ಮತ್ತೆ ಶುರು ಮಾಡಬಲ್ಲ; ಉಳಿದವರಿಗೆ ತಾವು ಯಾಕೆ ಬಂದ್ ಆದೆವೆಂಬುದೇ ಗೊತ್ತಿರುವುದಿಲ್ಲ.

ನಮ್ಮ ದೇಶದಲ್ಲೇ ಇಂಥದ್ದು ಆಗಿದೆ. 2003ರ ಸೆಪ್ಟೆಂಬರಿನಲ್ಲಿ ಮೇಘಾಲಯದ ನಿಷೇಧಿತ ಸಂಘಟನೆಗೆ ಸೇರಿದ ಒಂದೇ ಒಂದು ಯಾಹೂ ಗ್ರೂಪನ್ನು ತಡೆಯಬೇಕಿತ್ತು. ಅದೊಂದನ್ನೇ ಬೇರ್ಪಡಿಸಲಾಗದೆ ಇಂಟರ್ನೆಟ್ ಕಂಪನಿಗಳು ಯಾಹೂ ಗ್ರೂಪ್ಸ್ ಅನ್ನೇ ಮುಚ್ಚಿದವು. 2006ರ ಜುಲೈನಲ್ಲಿ ಅದೇ ಕಥೆ ಮರುಕಳಿಸಿತು. ಮುಂಬೈ ರೈಲು ಸ್ಫೋಟದ ಕೆಲವೇ ದಿನಗಳಲ್ಲಿ ದೂರಸಂಪರ್ಕ ಇಲಾಖೆ ಕೆಲವು ಪುಟಗಳನ್ನು ತಡೆಯಲು ಹೇಳಿತು, ಹಲವು ಕಂಪನಿಗಳು ಇಡೀ ಬ್ಲಾಗ್‌ಸ್ಪಾಟನ್ನೇ ತಡೆದವು. ಅಡುಗೆ, ಕವಿತೆ, ಕ್ರಿಕೆಟ್ ಬರೆಯುತ್ತಿದ್ದವರ ಬ್ಲಾಗುಗಳೂ ಹೋದವು. ಕೊನೆಗೆ ಇಲಾಖೆಯೇ, ಪಟ್ಟಿಯಲ್ಲಿರುವುದನ್ನು ಮಾತ್ರ ತಡೆಯಿರಿ ಎಂದು ಹೇಳಬೇಕಾಯಿತು. ಇದು ಹಳೇ ಕಾಲದ ಎಡವಟ್ಟು ಅಂದುಕೊಳ್ಳಬೇಡಿ: 2022ರ ಆಗಸ್ಟಿನಲ್ಲಿ ಆಸ್ಟ್ರಿಯಾದಲ್ಲಿ ಪೈರಸಿ ತಡೆಯಲು ಕ್ಲೌಡ್‌ಫ್ಲೇರ್ ಕಂಪನಿಯ 11 ಐಪಿ ವಿಳಾಸ ಮುಚ್ಚಿದಾಗ ಸಾವಿರಾರು ಅಮಾಯಕ ಸೈಟ್‌ಗಳು ತೆರೆಯದಾದವು.

ನಿಮ್ಮ ಊರಿನ ಸೈಟ್ ತೆರೆಯದಿದ್ದಾಗ ಕಾರಣ ಇದೇನಾ ಎಂದು ನೋಡುವುದು ಕಷ್ಟವಲ್ಲ. ಮೊದಲು ಬೇರೆ ಕಂಪನಿಯ ಸಿಮ್‌ನ ಡೇಟಾದಲ್ಲಿ ತೆರೆದು ನೋಡಿ. ಯಾವುದರಲ್ಲೂ ತೆರೆಯದಿದ್ದರೆ ಬಹುಶಃ ಆ ಕಂಪ್ಯೂಟರೇ ಕೆಟ್ಟಿದೆ ಅಥವಾ ಬಾಡಿಗೆ ಕಟ್ಟಿಲ್ಲ. ಒಂದರಲ್ಲಿ ತೆರೆದು ಇನ್ನೊಂದರಲ್ಲಿ ತೆರೆಯದಿದ್ದರೆ, ಅದರಲ್ಲೂ ಪುಟ ತಿರುಗುತ್ತಲೇ ಇದ್ದು ಕೊನೆಗೆ ERR_CONNECTION_TIMED_OUT ಎಂದು ಬಂದರೆ, ದಾರಿಯಲ್ಲಿ ತಡೆ ಇರಬಹುದು. ಆಗ ಕಂಪ್ಯೂಟರಿನಲ್ಲಿ ಹೀಗೆ ಹಾಕಿ, ಸೈಟಿನ ಹೆಸರು ಮಾತ್ರ ಬದಲಿಸಿ:

```
nslookup example.com
```

ಬಂದ್ ಆದ ಸೈಟ್‌ಗಳಿಗೆಲ್ಲ ಒಂದೇ ವಿಳಾಸ ಬಂದರೆ, ಬೇರೆ ವಿಳಾಸದ ಸೈಟ್‌ಗಳು ಸರಿಯಾಗಿ ತೆರೆಯುತ್ತಿದ್ದರೆ, ಗೇಟಿಗೆ ಬೀಗ ಬಿದ್ದಿದೆ ಎಂಬ ಅನುಮಾನ ಬಲವಾಗುತ್ತದೆ. ಆದರೆ ಹೆಸರು ಕೇಳಿದಾಗಲೇ ಇಂಟರ್ನೆಟ್ ಕಂಪನಿ ತಪ್ಪು ವಿಳಾಸ ಕೊಡುವ ಇನ್ನೊಂದು ಬಗೆಯ ತಡೆಯೂ ಇದೆ. ಆದ್ದರಿಂದ ತೆರೆಯುತ್ತಿರುವ ಸಿಮ್‌ನಲ್ಲೂ ಇದೇ ಪರೀಕ್ಷೆ ಮಾಡಿ ವಿಳಾಸ ಹೊಂದುತ್ತದೆಯೇ ನೋಡಬೇಕು.

ಒಂದೇ ವಿಳಾಸ ಬಂತೆಂದು ‘ಒಂದೇ ಗ್ಯಾಂಗ್’ ಎಂಬ ಫಾರ್ವರ್ಡನ್ನು ನಂಬಬೇಡಿ. ಅದರಿಂದ ಗೊತ್ತಾಗುವುದು ಅವರೆಲ್ಲ ಒಂದೇ ಕಡೆ ಬಾಡಿಗೆಗಿದ್ದಾರೆ ಎಂಬುದಷ್ಟೇ. ಸೈಟ್ ನಿಮ್ಮದೇ ಆಗಿದ್ದರೆ ಈ ಎರಡು ಪರೀಕ್ಷೆಗಳ ಸ್ಕ್ರೀನ್‌ಶಾಟ್ ಸಮೇತ ಹೋಸ್ಟಿಂಗ್ ಕಂಪನಿಗೆ ಬರೆದು ಬೇರೆ ಐಪಿ ವಿಳಾಸ ಕೇಳಿ. ನಿಮ್ಮ ಡೊಮೇನ್ ಹೆಸರು ಹಾಗೇ ಇರುತ್ತದೆ.