ಕಂಕನಾಡಿ ಎಲ್ಲಿ ಮುಗಿಯುತ್ತದೆ? ‘ಗೆರೆ ಇಲ್ಲ, ಹಾಗಾಗಿ ವ್ಯತ್ಯಾಸವೂ ಇಲ್ಲ’ ಎಂಬ ವಾದದ ತಪ್ಪೇನು?

‘ಸಕ್ಕರೆ 125 ಇದ್ದರೆ ಕಾಯಿಲೆ ಅಲ್ಲವಂತೆ, 126 ಆದರೆ ಕಾಯಿಲೆಯಂತೆ. ಒಂದು ಅಂಕಿಯಲ್ಲಿ ಏನಿದೆ? ಎಲ್ಲ ಸುಳ್ಳು.’ ಇಂಥ ವಾದ ಕೇಳಲು ಸರಿ ಎನಿಸುತ್ತದೆ. ಅದರ ಹಿಂದೆ ಸುಮಾರು 2,400 ವರ್ಷ ಹಳೆಯ ಒಗಟೊಂದಿದೆ.

ಮಂಗಳೂರಿನ ಕಂಕನಾಡಿ ಜಂಕ್ಷನ್ನಿನಿಂದ ಪಂಪ್‌ವೆಲ್ ಕಡೆಗೆ ನಡೆಯೋಣ. ಮೊದಲ ಹೆಜ್ಜೆ ಕಂಕನಾಡಿಯಲ್ಲೇ ಇದೆ. ಒಂದು ಹೆಜ್ಜೆ ಕಂಕನಾಡಿಯಲ್ಲಿದ್ದರೆ ಮುಂದಿನದೂ ಅಲ್ಲೇ ಇರಬೇಕು, ಏಕೆಂದರೆ ಒಂದೇ ಹೆಜ್ಜೆಗೆ ಊರು ಬದಲಾಗುವುದಿಲ್ಲ. ಈ ಎರಡು ಮಾತನ್ನು ಒಪ್ಪಿ ನಡೆಯುತ್ತಾ ಹೋದರೆ ಪಂಪ್‌ವೆಲ್ಲೂ ಕಂಕನಾಡಿ, ಕೊನೆಗೆ ಬೆಂಗಳೂರೂ ಕಂಕನಾಡಿ!

ಗ್ರೀಸಿನ ಯೂಬುಲಿಡೀಸ್ ಹೆಸರಿನಲ್ಲಿ ಬಂದಿರುವ ಈ ಒಗಟಿಗೆ ‘ಸೊರೈಟೀಸ್’ ಎನ್ನುತ್ತಾರೆ. ಗ್ರೀಕ್‌ನಲ್ಲಿ ‘ಸೋರೋಸ್’ ಎಂದರೆ ರಾಶಿ. ರಾಶಿಯಿಂದ ಒಂದೊಂದೇ ಕಾಳು ತೆಗೆದರೆ ಅದು ಯಾವಾಗ ರಾಶಿಯಲ್ಲ ಎಂಬುದು ಅದರ ಮೂಲ ರೂಪ.

ತೊಡಕು ಎಲ್ಲಿದೆ? ಸಾಂಪ್ರದಾಯಿಕ ತರ್ಕದಲ್ಲಿ ಪ್ರತಿ ಮಾತೂ ನಿಜ ಅಥವಾ ಸುಳ್ಳು, ನಡುವೆ ಏನೂ ಇಲ್ಲ. ಹಾಗಾಗಿ ಎರಡನೇ ಮಾತು ಸುಳ್ಳೆಂದರೆ, ‘ಈ ಹೆಜ್ಜೆ ಕಂಕನಾಡಿ, ಮುಂದಿನದು ಅಲ್ಲ’ ಎನ್ನುವ ಒಂದು ಜಾಗ ಇದ್ದೇ ಇದೆ ಎಂದು ಒಪ್ಪಬೇಕು. ಅಂಥ ಜಾಗವನ್ನು ಯಾರೂ ತೋರಿಸಲಾರರು.

ಟಿಮೊಥಿ ವಿಲಿಯಮ್ಸನ್ ಎಂಬ ತತ್ವಶಾಸ್ತ್ರಜ್ಞರ ಪ್ರಕಾರ ಗೆರೆ ನಿಜಕ್ಕೂ ಇದೆ, ನಮಗೆ ಅದನ್ನು ತಿಳಿಯಲಾಗುವುದಿಲ್ಲ ಅಷ್ಟೆ. ಇನ್ನೊಂದು ದಾರಿಗೆ ಲಾಟ್ಫಿ ಜಾದೆ 1965ರಲ್ಲಿ ಮಂಡಿಸಿದ ‘ಫಜ್ಜಿ’ ಗಣಗಳು ಆಧಾರ. ಅದರಲ್ಲಿ ನಿಜಕ್ಕೆ 0ಯಿಂದ 1ರವರೆಗೆ ಮಟ್ಟಗಳಿವೆ. ಎರಡನೇ ಮಾತು ಪ್ರತಿ ಹೆಜ್ಜೆಗೂ ಬಹುತೇಕ ನಿಜ, ಪೂರ್ತಿ ಅಲ್ಲ. ಆ ಸಣ್ಣ ಕೊರತೆ ಕೂಡುತ್ತಾ ಹೋಗುವುದರಿಂದ ಕೊನೆಯ ತೀರ್ಮಾನ ಬಿದ್ದುಹೋಗುತ್ತದೆ. ಆದರೆ ಇಲ್ಲೂ ಒಂದು ಪ್ರಶ್ನೆ ಉಳಿಯುತ್ತದೆ: ಮಟ್ಟ 1ರಿಂದ ಇಳಿಯಲು ಶುರುವಾಗುವ ಹೆಜ್ಜೆ ಯಾವುದು?

ಜನಬಳಕೆಯ ‘ಕಂಕನಾಡಿ’ಗೆ ಗೆರೆಯಿಲ್ಲ. ಪಡೀಲ್ ಬಳಿಯ ಮಂಗಳೂರು ಜಂಕ್ಷನ್ ರೈಲು ನಿಲ್ದಾಣದ ಹಿಂದಿನ ಹೆಸರೂ ಕಂಕನಾಡಿಯೇ. ಆದರೆ ಮತ ಹಾಕಲು ಗೆರೆ ಬೇಕು, ಅದಕ್ಕೆ ಪಾಲಿಕೆಯ ವಾರ್ಡ್‌ಗಳಿವೆ. ಅವು ಕೆಲಸಕ್ಕಾಗಿ ನಾವೇ ಎಳೆದ ಗೆರೆಗಳು.

126 ಕೂಡ ಅಂಥದ್ದೇ. ಖಾಲಿ ಹೊಟ್ಟೆಯ ಸಕ್ಕರೆಯ ಈ ಮಿತಿ ಮೊದಲು 140 ಇತ್ತು; 1997ರಲ್ಲಿ ಅಮೆರಿಕದ ಮಧುಮೇಹ ಸಂಘ ಅದನ್ನು ಇಳಿಸಿತು. ಅಪಾಯ ಮೆಲ್ಲಗೆ ಏರುತ್ತದೆ, 125ಕ್ಕೂ 126ಕ್ಕೂ ದೇಹದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಅದಕ್ಕೇ ಲಕ್ಷಣಗಳಿಲ್ಲದಿದ್ದರೆ ಒಂದೇ ಫಲಿತಾಂಶದಿಂದ ತೀರ್ಮಾನಿಸದೆ ಮತ್ತೊಮ್ಮೆ ಪರೀಕ್ಷಿಸುತ್ತಾರೆ, 100ರಿಂದ 125ನ್ನು ಮಧುಮೇಹಪೂರ್ವ ಹಂತ ಎಂದು ಗುರುತಿಸುತ್ತಾರೆ. ಆದರೆ 90ಕ್ಕೂ 250ಕ್ಕೂ ಇರುವ ವ್ಯತ್ಯಾಸ ನಿಜವಾದದ್ದು.

ನಮ್ಮ ತೀರ್ಮಾನ: ಗೆರೆಯ ಅಕ್ಕಪಕ್ಕ ಹೆಚ್ಚು ವ್ಯತ್ಯಾಸವಿಲ್ಲ ಎಂಬುದು ಸರಿ. ಹಾಗಾಗಿ ಕಾಯಿಲೆಯೇ ಸುಳ್ಳು ಎಂಬುದು ತಪ್ಪು.