ವಸತಿಗೃಹದ ಕೊಠಡಿಗಳ ನಡುವೆ ಧ್ವನಿ ತಡೆ: ಮಧ್ಯದ ಗೋಡೆಯ ಆಯ್ಕೆ ಹಾಗೂ ಸಂದುಗಳ ನಿವಾರಣೆ

(ವಸತಿಗೃಹ ನಿರ್ಮಿಸುವ ಅಥವಾ ನವೀಕರಿಸುವ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಪಕ್ಕದ ಕೊಠಡಿಯ ಮಾತು ಹಾಗೂ ಟಿ.ವಿ. ಶಬ್ದ ಕೇಳಿಸುತ್ತದೆ ಎಂದು ಅತಿಥಿಗಳು ದೂರಿದಾಗ ಮಾಲೀಕರು ಸಾಮಾನ್ಯವಾಗಿ ಮಧ್ಯದ ಗೋಡೆಯನ್ನು ದಪ್ಪಗೊಳಿಸಲು ಮುಂದಾಗುತ್ತಾರೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಧ್ವನಿಯು ಗೋಡೆಯ ಮೂಲಕ ಬರುವುದಕ್ಕಿಂತ ಅದರ ಅಂಚಿನ ಸಂದು, ಮೇಲ್ಭಾಗದ ಪೊಳ್ಳು ಹಾಗೂ ಪೈಪು ಮತ್ತು ವೈರಿಂಗ್ ರಂಧ್ರಗಳ ಮೂಲಕ ಬರುವುದೇ ಹೆಚ್ಚು. ಆದ್ದರಿಂದ ಹಣ ವ್ಯಯಿಸುವ ಮುನ್ನ ಧ್ವನಿಯು ಯಾವ ದಾರಿಯಲ್ಲಿ ಬರುತ್ತಿದೆ ಎಂಬುದನ್ನು ಅರಿಯುವುದು ಅವಶ್ಯಕ. ಅದರ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

2. ಡೆಸಿಬಲ್ ಎಂದರೇನು?

ಗೋಡೆಯ ಧ್ವನಿ ತಡೆಯನ್ನು ಡೆಸಿಬಲ್‌ಗಳಲ್ಲಿ ಸೂಚಿಸಲಾಗುತ್ತದೆ. ತಯಾರಕರು ನೀಡುವ ಪರೀಕ್ಷಾ ವರದಿಯಲ್ಲಿ ಇದು ಆರ್‌ಡಬ್ಲ್ಯೂ ಅಥವಾ ಎಸ್‌ಟಿಸಿ ಎಂಬ ಹೆಸರಿನಲ್ಲಿರುತ್ತದೆ. ತಡೆಯು 10 ಡೆಸಿಬಲ್ ಹೆಚ್ಚಿದಂತೆಲ್ಲ ಗೋಡೆ ದಾಟುವ ಧ್ವನಿಶಕ್ತಿಯು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಅದರಂತೆ 30 ಡೆಸಿಬಲ್ ತಡೆಯುಳ್ಳ ಗೋಡೆಯು ಸಾವಿರದಲ್ಲಿ ಒಂದು ಪಾಲನ್ನೂ, 50 ಡೆಸಿಬಲ್ ತಡೆಯುಳ್ಳ ಗೋಡೆಯು ಲಕ್ಷದಲ್ಲಿ ಒಂದು ಪಾಲನ್ನೂ ದಾಟಲು ಬಿಡುತ್ತದೆ. ನಿಶ್ಶಬ್ದ ಕೊಠಡಿಯಲ್ಲಿ 30ರ ಆಸುಪಾಸಿನಲ್ಲಿ ಪಕ್ಕದ ಕೊಠಡಿಯ ಸಾಮಾನ್ಯ ಮಾತು ಅರ್ಥವಾಗುವಷ್ಟು ಕೇಳಿಸುತ್ತದೆ. 50ರಲ್ಲಿ ಜೋರಾದ ಮಾತೂ ಸ್ಪಷ್ಟವಾಗಿ ಕೇಳಿಸುವುದಿಲ್ಲ.

3. ಗೋಡೆಯ ಆಯ್ಕೆ

ಸಾಮಾನ್ಯವಾಗಿ ಬಳಕೆಯಲ್ಲಿರುವ ಗೋಡೆಗಳ ಅಂದಾಜು ಧ್ವನಿ ತಡೆಯು ಈ ಕೆಳಕಂಡಂತಿದೆ.

ಅ) 115 ಮಿ.ಮೀ. ಇಟ್ಟಿಗೆ ಗೋಡೆ, ಎರಡೂ ಬದಿ ಗಿಲಾವು: ಸುಮಾರು 45 ಡೆಸಿಬಲ್.
ಆ) 230 ಮಿ.ಮೀ. ಇಟ್ಟಿಗೆ ಗೋಡೆ, ಎರಡೂ ಬದಿ ಗಿಲಾವು: ಸುಮಾರು 50 ಡೆಸಿಬಲ್.
ಇ) ಉಕ್ಕಿನ ಚೌಕಟ್ಟಿನ ಎರಡೂ ಬದಿ 12.5 ಮಿ.ಮೀ. ಜಿಪ್ಸಮ್ ಬೋರ್ಡ್ ಒಂದೊಂದು ಪದರ, ಒಳಗೆ ಖಾಲಿ: 40 ಡೆಸಿಬಲ್‌ಗಿಂತ ಕಡಿಮೆ.
ಈ) ಅದೇ ಚೌಕಟ್ಟಿನ ಎರಡೂ ಬದಿ ಎರಡೆರಡು ಪದರ, ಒಳಗೆ 50 ಮಿ.ಮೀ. ರಾಕ್‌ವೂಲ್: ಸುಮಾರು 50 ಡೆಸಿಬಲ್.

ಇಟ್ಟಿಗೆ ಗೋಡೆಯು ತನ್ನ ತೂಕದಿಂದ ಧ್ವನಿಯನ್ನು ತಡೆಯುತ್ತದೆ. ತೂಕವು ಇಮ್ಮಡಿಯಾದರೂ ತಡೆಯು ಸುಮಾರು 5 ಡೆಸಿಬಲ್ ಮಾತ್ರ ಹೆಚ್ಚುತ್ತದೆ ಎಂಬುದು ಮೇಲ್ಕಂಡ ಮೊದಲ ಎರಡು ಸಾಲುಗಳಿಂದ ತಿಳಿದುಬರುತ್ತದೆ. ಹಗುರ ಬ್ಲಾಕ್‌ಗಳ ಗೋಡೆಯು ಅಷ್ಟೇ ದಪ್ಪದ ಇಟ್ಟಿಗೆ ಗೋಡೆಗಿಂತ ಕಡಿಮೆ ತಡೆ ನೀಡುವುದೂ ಇದೇ ಕಾರಣದಿಂದ. ಜಿಪ್ಸಮ್ ಬೋರ್ಡ್ ಗೋಡೆಯು ಎರಡು ಪದರಗಳ ನಡುವಿನ ಅಂತರ ಹಾಗೂ ರಾಕ್‌ವೂಲ್‌ನಿಂದ ಕಡಿಮೆ ತೂಕದಲ್ಲಿಯೇ 50ನ್ನು ತಲುಪುತ್ತದೆ. ಆದರೆ ಟಿ.ವಿ. ಮತ್ತು ಸಂಗೀತದ ತಗ್ಗು ಸ್ವರಗಳನ್ನು ತಡೆಯುವಲ್ಲಿ ಇದು ಭಾರವಾದ ಗೋಡೆಯಷ್ಟು ಸಮರ್ಥವಲ್ಲ. ಕೆಳಗೆ ಸಂಗೀತ ಸಭಾಂಗಣ ಅಥವಾ ಬಾರ್ ಇರುವ ಕಟ್ಟಡಗಳಲ್ಲಿ ಇದನ್ನು ಗಮನದಲ್ಲಿರಿಸಿಕೊಳ್ಳತಕ್ಕದ್ದು.

4. ಸಣ್ಣ ಸಂದಿನ ಪರಿಣಾಮ: ಒಂದು ಲೆಕ್ಕ

ಎರಡು ಕೊಠಡಿಗಳ ನಡುವೆ 4 ಮೀಟರ್ ಉದ್ದ, 3 ಮೀಟರ್ ಎತ್ತರದ 230 ಮಿ.ಮೀ. ಇಟ್ಟಿಗೆ ಗೋಡೆಯಿದೆ ಎಂದು ಭಾವಿಸಿ. ಇದರ ವಿಸ್ತೀರ್ಣ 12 ಚದರ ಮೀಟರ್, ಅಂದರೆ 1,20,000 ಚದರ ಸೆಂ.ಮೀ. ತಡೆಯು 50 ಡೆಸಿಬಲ್ ಆಗಿರುವುದರಿಂದ ಲಕ್ಷದಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ. ಅಂದರೆ ಇಡೀ ಗೋಡೆಯು ಬಿಡುವ ಧ್ವನಿಯು 1.2 ಚದರ ಸೆಂ.ಮೀ. ಅಳತೆಯ ಒಂದು ತೆರೆದ ರಂಧ್ರವು ಬಿಡುವ ಧ್ವನಿಗೆ ಸಮ.

ಈಗ ಗೋಡೆಯ ಮೇಲಂಚು ಹಾಗೂ ಸ್ಲ್ಯಾಬ್‌ನ ನಡುವೆ ಉದ್ದಕ್ಕೂ 2 ಮಿ.ಮೀ. ಸಂದು ಉಳಿದಿದೆ ಎನ್ನೋಣ. ಗಾರೆ ಒಣಗಿ ಕುಗ್ಗುವುದರಿಂದ ಈ ಸ್ಥಳದಲ್ಲಿ ಬಿರುಕು ಬಿಡುವುದು ಸಾಮಾನ್ಯ. ಸಂದಿನ ವಿಸ್ತೀರ್ಣ 80 ಚದರ ಸೆಂ.ಮೀ. ಇದನ್ನು ಗೋಡೆಯ 1.2ಕ್ಕೆ ಕೂಡಿಸಿದರೆ 81.2 ಆಗುತ್ತದೆ. 1,20,000ವನ್ನು ಇದರಿಂದ ಭಾಗಿಸಿದಾಗ ಸುಮಾರು 1,500ರಲ್ಲಿ ಒಂದು ಪಾಲು ಧ್ವನಿ ದಾಟುತ್ತದೆ ಎಂದು ತಿಳಿಯುತ್ತದೆ. ಅಂದರೆ ತಡೆಯು 50ರಿಂದ ಸುಮಾರು 32 ಡೆಸಿಬಲ್‌ಗೆ ಕುಸಿಯುತ್ತದೆ.

ಇಂತಹ ಗೋಡೆಯನ್ನು ಇನ್ನಷ್ಟು ಬಲಪಡಿಸಿ 55 ಡೆಸಿಬಲ್‌ಗೆ ಏರಿಸಿದರೂ ಗೋಡೆಯ ಪಾಲು 1.2ರಿಂದ 0.4ಕ್ಕೆ ಇಳಿಯುವುದೇ ಹೊರತು ಸಂದಿನ 80 ಹಾಗೆಯೇ ಉಳಿಯುತ್ತದೆ. ಒಟ್ಟು ಫಲಿತಾಂಶವು 32 ಡೆಸಿಬಲ್ ಆಗಿಯೇ ಇರುತ್ತದೆ. ಬದಲಾಗಿ ಸಂದನ್ನು ಪೂರ್ಣವಾಗಿ ಮುಚ್ಚಿದಲ್ಲಿ ಅಲ್ಪ ವೆಚ್ಚದಲ್ಲಿ ಗೋಡೆಯ ತಡೆಯು 50ಕ್ಕೆ ಮರಳುತ್ತದೆ.

5. ಧ್ವನಿ ಬಳಸಿ ಬರುವ ದಾರಿಗಳು ಮತ್ತು ಪರಿಹಾರ

ಅ) ಫಾಲ್ಸ್ ಸೀಲಿಂಗ್: ಗೋಡೆಯನ್ನು ಫಾಲ್ಸ್ ಸೀಲಿಂಗ್‌ವರೆಗೆ ಮಾತ್ರ ಕಟ್ಟಿದಲ್ಲಿ ಧ್ವನಿಯು ಹಗುರವಾದ ಸೀಲಿಂಗ್ ಹಲಗೆಯನ್ನು ದಾಟಿ, ಮೇಲಿನ ಪೊಳ್ಳಿನ ಮೂಲಕ ಪಕ್ಕದ ಕೊಠಡಿಗೆ ಇಳಿಯುತ್ತದೆ. ಗೋಡೆಯನ್ನು ಸ್ಲ್ಯಾಬ್‌ನ ತಳದವರೆಗೂ ಕೊಂಡೊಯ್ದು ಅಲ್ಲಿಯೂ ಎರಡೂ ಬದಿ ಗಿಲಾವು ಮಾಡತಕ್ಕದ್ದು. ಸೀಲಿಂಗ್ ಮರೆಯಲ್ಲಿ ಕಾಣುವುದಿಲ್ಲವೆಂದು ಗಿಲಾವನ್ನು ಕೈಬಿಡುವುದು ಆಗಾಗ ಕಂಡುಬರುವ ಲೋಪ. ಮೇಲಂಚಿನ ಸಂದಿಗೆ ರಾಕ್‌ವೂಲ್ ಬಿಗಿಯಾಗಿ ತುಂಬಿ, ಎರಡೂ ಬದಿ ಬಾಗುವ ಗುಣವುಳ್ಳ ಸೀಲೆಂಟ್ ಹಚ್ಚಬೇಕು. ಬರಿಯ ಗಾರೆಯು ಸ್ಲ್ಯಾಬ್ ಸ್ವಲ್ಪ ಬಾಗಿದಾಗ ಮತ್ತೆ ಬಿರಿಯುತ್ತದೆ.

ಆ) ಸ್ವಿಚ್ ಬಾಕ್ಸ್: ಎರಡೂ ಕೊಠಡಿಗಳ ಮಂಚದ ಪಕ್ಕದ ಬಾಕ್ಸ್‌ಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಬಾರದು. 115 ಮಿ.ಮೀ. ಗೋಡೆಯಲ್ಲಿ 50 ಮಿ.ಮೀ. ಆಳದ ಎರಡು ಬಾಕ್ಸ್‌ಗಳು ಎದುರುಬದುರಾದರೆ ನಡುವೆ ಉಳಿಯುವುದು 15 ಮಿ.ಮೀ. ಮಾತ್ರ. ಅವುಗಳ ನಡುವೆ ಕನಿಷ್ಠ 600 ಮಿ.ಮೀ. ಅಂತರವಿರಿಸಿ, ಬಾಕ್ಸ್‌ನ ಸುತ್ತ ಗಾರೆ ತುಂಬುವುದು ಹಾಗೂ ಒಂದು ಕೊಠಡಿಯಿಂದ ಇನ್ನೊಂದಕ್ಕೆ ಹೋಗುವ ಕಾಂಡ್ಯೂಟ್ ಪೈಪಿನ ಬಾಯಿ ಮುಚ್ಚುವುದು ಸೂಕ್ತ.

ಇ) ಪೈಪುಗಳು: ಎ.ಸಿ. ಮತ್ತು ನೀರಿನ ಪೈಪುಗಳಿಗಾಗಿ ಕೊರೆದ ರಂಧ್ರವು ಪೈಪಿಗಿಂತ ದೊಡ್ಡದಿರುತ್ತದೆ. ಪೈಪನ್ನು ಸ್ಲೀವ್‌ನೊಳಗೆ ಹಾಯಿಸಿ, ಸುತ್ತಲಿನ ಜಾಗಕ್ಕೆ ರಾಕ್‌ವೂಲ್ ತುಂಬಿ ಎರಡೂ ತುದಿಗಳಿಗೆ ಬೆಂಕಿ ನಿರೋಧಕ ಸೀಲೆಂಟ್ ಹಚ್ಚತಕ್ಕದ್ದು. ಸಾಧಾರಣ ಫೋಮ್ ಉರಿಯುವ ವಸ್ತುವಾದ್ದರಿಂದ ಅದನ್ನು ಮಾತ್ರ ತುಂಬಿ ಬಿಡುವುದು ಅಪಾಯಕರ.

ಈ) ಬಾಗಿಲು ಮತ್ತು ಶೌಚಾಲಯದ ಶಾಫ್ಟ್: 900 ಮಿ.ಮೀ. ಅಗಲದ ಬಾಗಿಲಿನ ಕೆಳಗೆ 10 ಮಿ.ಮೀ. ತೆರವಿದ್ದರೆ ಅದು 90 ಚದರ ಸೆಂ.ಮೀ. ರಂಧ್ರವಾಗುತ್ತದೆ. ಇದರಿಂದ ಧ್ವನಿಯು ಕಾರಿಡಾರ್‌ಗೆ ಹೊರಟು ಪಕ್ಕದ ಬಾಗಿಲಿನಿಂದ ಒಳಬರುತ್ತದೆ. ಬಾಗಿಲಿನ ತಳಕ್ಕೆ ಹಾಗೂ ಚೌಕಟ್ಟಿಗೆ ರಬ್ಬರ್ ಪಟ್ಟಿ ಅಳವಡಿಸಬೇಕು. ಎರಡು ಶೌಚಾಲಯಗಳ ಗವಾಕ್ಷಿಗಳು ಒಂದೇ ಶಾಫ್ಟ್‌ಗೆ ಎದುರುಬದುರಾಗಿ ತೆರೆಯದಂತೆ ನಕ್ಷೆಯ ಹಂತದಲ್ಲಿಯೇ ನೋಡಿಕೊಳ್ಳತಕ್ಕದ್ದು.

6. ಪರಿಶೀಲಿಸುವ ವಿಧಾನ

ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲು, ರಾತ್ರಿ ವೇಳೆ ಒಂದು ಕೊಠಡಿಯನ್ನು ಕತ್ತಲಾಗಿಸಿ ಇನ್ನೊಂದು ಕಡೆಯಿಂದ ಗೋಡೆಯ ಅಂಚಿಗೆ ಪ್ರಖರವಾದ ಟಾರ್ಚ್ ಬಿಡಬೇಕು. ಬೆಳಕು ಕಂಡಲ್ಲಿ ಸಂದಿದೆ ಎಂದು ತಿಳಿಯಬೇಕು. ಬೆಳಕು ಕಾಣದ ಓರೆ ಸಂದುಗಳೂ ಇರಬಹುದಾದ್ದರಿಂದ, ನಂತರ ಒಂದು ಕಡೆ ಟಿ.ವಿ.ಯನ್ನು ಜೋರಾಗಿ ಹಚ್ಚಿ ಇನ್ನೊಂದು ಕಡೆ ಅಂಚು, ಸ್ವಿಚ್ ಬಾಕ್ಸ್ ಹಾಗೂ ಪೈಪುಗಳ ಬಳಿ ಕಿವಿಯಿಟ್ಟು ಆಲಿಸಬೇಕು. ಒಂದು ಬಿಂದುವಿನಲ್ಲಿ ಶಬ್ದವು ಥಟ್ಟನೆ ಹೆಚ್ಚಿದರೆ ದೋಷವು ಅಲ್ಲಿಯೇ ಇದೆ. ಗೋಡೆಯ ಉದ್ದಕ್ಕೂ ಒಂದೇ ಸಮನಾಗಿ ಕೇಳಿಸಿದಲ್ಲಿ ಮಾತ್ರ ಗೋಡೆಯನ್ನು ಬಲಪಡಿಸುವ ವಿಚಾರ ಮಾಡಬಹುದು.

ಸೂಚನೆ: ತಯಾರಕರ ವರದಿಯ ಅಂಕಿಯು ಪ್ರಯೋಗಾಲಯದ್ದಾಗಿದ್ದು, ಕಟ್ಟಡದಲ್ಲಿ ದೊರೆಯುವ ತಡೆಯು ಸಾಮಾನ್ಯವಾಗಿ ಅದಕ್ಕಿಂತ ಕೆಲವು ಡೆಸಿಬಲ್ ಕಡಿಮೆ ಇರುತ್ತದೆ. ಗುತ್ತಿಗೆದಾರರೊಂದಿಗಿನ ಕರಾರಿನಲ್ಲಿ ಸ್ಥಳದಲ್ಲಿಯೇ ಅಳೆದು ತೋರಿಸಬೇಕೆಂಬ ಷರತ್ತನ್ನು ಸೇರಿಸುವುದು ಉತ್ತಮ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 8ನೇ ಭಾಗದಲ್ಲಿ ಧ್ವನಿ ತಡೆಗೆ ಪ್ರತ್ಯೇಕ ವಿಭಾಗವಿದ್ದು, ನಕ್ಷೆ ತಯಾರಿಸುವ ವಾಸ್ತುಶಿಲ್ಪಿಗಳೊಂದಿಗೆ ಅದನ್ನು ಪರಿಶೀಲಿಸಿಕೊಳ್ಳಲು ಕೋರಲಾಗಿದೆ.